ಬಾವಿಗೆ ಬಿದ್ದ ಬಾಲ್ದಿ, ತಟ್ಟೆ ಹತ್ತಿದ ಮಗು: ತಿರುಗುವ ಚಲನೆಯ ಲೆಕ್ಕ ಬಿಡಿಸುವ ಕ್ರಮ

ಬದಿಯಡ್ಕದ ಹತ್ತಿರ ನಮ್ಮ ಮನೆಯ ಚಾವಡಿಯಲ್ಲಿ ಸಂಜೆ ಆರೇಳು ಮಕ್ಕಳು ಫಿಸಿಕ್ಸ್ ಕಲಿಯಲು ಕೂರುತ್ತಾರೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಪ್ಲಸ್ ವನ್‌ಗೆ ಬಂದ ಕೂಡಲೇ ಎಲ್ಲವೂ ಇಂಗ್ಲಿಷ್. ತಿರುಗುವ ಚಲನೆಯ ಪಾಠ ಬಂದಾಗ ಎಲ್ಲರ ಮುಖವೂ ಬಾಡುತ್ತದೆ. ಸೂತ್ರಗಳು ಬಾಯಿಗೆ ಬರುತ್ತವೆ, ಲೆಕ್ಕ ಕೈಗೆ ಹತ್ತುವುದಿಲ್ಲ. ಯಾವ ಸೂತ್ರ ಯಾವಾಗ ಎಂದು ಗೊತ್ತಾಗದೆ ಎಲ್ಲವನ್ನೂ ಒಂದೇ ಲೆಕ್ಕಕ್ಕೆ ಸುರಿಯುತ್ತಾರೆ.

ಹಾಗಾಗಿ ಇಲ್ಲಿ ಎರಡೇ ಲೆಕ್ಕ ತೆಗೆದುಕೊಳ್ಳುತ್ತೇನೆ. ಒಂದು ಬಾವಿಯದು, ಇನ್ನೊಂದು ಆಟದ ಬಯಲಿನದು. ಎರಡನ್ನೂ ಪೂರ್ತಿ ಬಿಡಿಸೋಣ.

ಹೆಸರುಗಳ ಬಗ್ಗೆ ಮೊದಲೇ ಒಂದು ಮಾತು. ಮೊಮೆಂಟ್ ಆಫ್ ಇನರ್ಷಿಯಾ ಎಂದರೆ ಜಡತ್ವ ಭ್ರಾಮಕ, ಅದನ್ನು I ಎಂದು ಬರೆಯುತ್ತೇವೆ. ಆಂಗ್ಯುಲರ್ ಮೊಮೆಂಟಮ್ ಎಂದರೆ ಕೋನೀಯ ಸಂವೇಗ, ಅದು L. ಟಾರ್ಕನ್ನು ತಿರುಗುಬಲ ಎನ್ನುವುದುಂಟು, ಆದರೆ ನಮ್ಮ ಚಾವಡಿಯಲ್ಲಿ ಅದು ಟಾರ್ಕ್ ಆಗಿಯೇ ಉಳಿದಿದೆ. ಬೀಸುವ ಕಲ್ಲಿನ ಗೂಟ ಅಂಚಿನ ಹತ್ತಿರವೇ ಇರುತ್ತದೆ, ನಡುವೆ ಇರುವುದಿಲ್ಲ. ಅಷ್ಟೇ ಬಲಕ್ಕೆ ದೂರ ಜಾಸ್ತಿ ಆದಷ್ಟೂ ತಿರುಗಿಸುವ ಸಾಮರ್ಥ್ಯ ಜಾಸ್ತಿ. ಟಾರ್ಕ್ ಅಂದರೆ ಅದೇ.

ಸೂತ್ರಕ್ಕೆ ಮೊದಲು ಮೂರು ಪ್ರಶ್ನೆ

ಲೆಕ್ಕ ಓದಿದ ಕೂಡಲೇ ಪೆನ್ನು ಓಡಿಸಬೇಡಿ. ಮೊದಲು ಚಿತ್ರ ಬರೆದು, ಯಾವ ಗೆರೆಯ ಸುತ್ತ ತಿರುಗುತ್ತಿದೆ ಎಂದು ಗುರುತು ಮಾಡಿ. ಆ ಗೆರೆಯೇ ಅಕ್ಷ. ಎರಡನೆಯದಾಗಿ, ನಾನು ಯಾವ್ಯಾವ ವಸ್ತುಗಳನ್ನು ಒಟ್ಟಿಗೆ ಹಿಡಿದು ಲೆಕ್ಕ ಮಾಡುತ್ತಿದ್ದೇನೆ ಎಂದು ಕೇಳಿಕೊಂಡು ಅವುಗಳ ಸುತ್ತ ಪೆನ್ಸಿಲಿನಲ್ಲಿ ಒಂದು ಬೇಲಿ ಹಾಕಿ. ಮೂರನೆಯದಾಗಿ, ಆ ಬೇಲಿಯ ಹೊರಗಿನಿಂದ ಯಾರಾದರೂ ಈ ಅಕ್ಷದ ಸುತ್ತ ಟಾರ್ಕ್ ಕೊಡುತ್ತಿದ್ದಾರಾ ಎಂದು ನೋಡಿ.

ಟಾರ್ಕ್ ಇದ್ದರೆ `τ = I α` ದಾರಿ. ಇಲ್ಲಿ τ ಎಂದರೆ ಟಾರ್ಕ್, α ಎಂದರೆ ತಿರುಗುವ ವೇಗ ಬದಲಾಗುವ ದರ. ಇಲ್ಲದಿದ್ದರೆ, ಅಥವಾ ಲೆಕ್ಕಕ್ಕೆ ಹಿಡಿಯದಷ್ಟು ಕಡಿಮೆ ಇದ್ದರೆ, L ಮೊದಲು ಎಷ್ಟಿತ್ತೋ ಆಮೇಲೂ ಅಷ್ಟೇ. ಈ ಮೂರನೇ ಪ್ರಶ್ನೆಯನ್ನು ಹಾರಿಸಿದವರೇ ಹೆಚ್ಚಾಗಿ ದಾರಿ ತಪ್ಪುವುದು.

ಬಾವಿಯ ಲೆಕ್ಕ

ಬಾವಿಯ ಮೇಲೆ ಅಡ್ಡ ಅಚ್ಚಿನಲ್ಲಿ ಒಂದು ಗಟ್ಟಿ ಮರದ ಉರುಳೆ. ತೂಕ 4 ಕೆ.ಜಿ, ತ್ರಿಜ್ಯ 0.2 ಮೀಟರ್. ಅದಕ್ಕೆ ಹಗ್ಗ ಸುತ್ತಿದೆ, ಹಗ್ಗದ ತುದಿಯಲ್ಲಿ ನೀರಿನ ಸಮೇತ 6 ಕೆ.ಜಿಯ ಬಾಲ್ದಿ. ಹಿಡಿ ಕೈಯಿಂದ ಜಾರಿತು. ಬಾಲ್ದಿ 6 ಮೀಟರ್ ಕೆಳಗೆ ಬೀಳುವಾಗ ಅದರ ವೇಗ ಎಷ್ಟು? ಹಗ್ಗದ ತೂಕ, ಅಚ್ಚಿನ ಘರ್ಷಣೆ ಬಿಟ್ಟುಬಿಡಿ. g ಅನ್ನು 10 ಎಂದು ಹಿಡಿಯಿರಿ.

ನಮ್ಮ ಕಡೆ ಮುರಕಲ್ಲಿನ ಬಾವಿಗಳಲ್ಲಿ ಜಾಸ್ತಿ ಇರುವುದು ಹಗ್ಗ ಮೇಲಿನಿಂದ ಹಾದುಹೋಗುವ ರಾಟೆ. ಪುಸ್ತಕದ ಲೆಕ್ಕಕ್ಕೆ ಬೇಕಾದದ್ದು ಹಗ್ಗ ಸುತ್ತಿದ ಉರುಳೆ. ರಾಟೆಯಲ್ಲಿ ಹಗ್ಗ ಜಾರಬಹುದು, ಉರುಳೆಯಲ್ಲಿ ಸುತ್ತು ಬಿಚ್ಚಲೇಬೇಕು. ಈ ವ್ಯತ್ಯಾಸ ನಮಗೆ ಕೆಳಗೆ ಬೇಕಾಗುತ್ತದೆ.

ಅಕ್ಷ ಎಂದರೆ ಉರುಳೆಯ ಅಚ್ಚು. ಬೇಲಿಯನ್ನು ಉರುಳೆಯ ಸುತ್ತ ಒಂದು, ಬಾಲ್ದಿಯ ಸುತ್ತ ಒಂದು, ಬೇರೆ ಬೇರೆ ಹಾಕೋಣ. ಉರುಳೆಗೆ ಹೊರಗಿನಿಂದ ಟಾರ್ಕ್ ಕೊಡುವುದು ಯಾರು? ಹಗ್ಗ. ಅಚ್ಚು ಕೂಡ ಉರುಳೆಯನ್ನು ಮೇಲಕ್ಕೆ ಹಿಡಿದುಕೊಂಡಿದೆ, ಆದರೆ ಆ ಬಲದ ಗೆರೆ ಅಕ್ಷದಲ್ಲೇ ಹಾದುಹೋಗುತ್ತದೆ. ದೂರ ಸೊನ್ನೆ, ಟಾರ್ಕ್ ಸೊನ್ನೆ. ಉರುಳೆಯ ಸ್ವಂತ ತೂಕಕ್ಕೂ ಇದೇ ಮಾತು.

ಇಲ್ಲಿಗೆ ಬಂದಾಗ ಪ್ರತಿ ವರ್ಷ ಯಾರಾದರೂ ಒಬ್ಬರು ಕೇಳುತ್ತಾರೆ: "ಟೀಚರ್, ಬಾಲ್ದಿಯ ತೂಕವೇ ಹಗ್ಗದ ಎಳೆತ ಅಲ್ವಾ? ಅರವತ್ತು ನ್ಯೂಟನ್ ಹಾಕ್ತೇನೆ."

ಹಾಕಿ ನೋಡು ಎನ್ನುತ್ತೇನೆ. ಉರುಳೆಯ `I = ½ M R²`, ಅಂದರೆ ½ × 4 × 0.04 = 0.08. ಟಾರ್ಕ್ 60 × 0.2 = 12. α = 12 ÷ 0.08 = 150. ಬಾಲ್ದಿಯ ವೇಗೋತ್ಕರ್ಷ R α, ಅಂದರೆ 30. ಸುಮ್ನೆ ಕೈಬಿಟ್ಟ ಕಲ್ಲು ಬೀಳುವುದೇ 10ರಲ್ಲಿ. ಹಗ್ಗ ಮೇಲಕ್ಕೆ ಎಳೆಯುತ್ತಿರುವ ಬಾಲ್ದಿ ಅದರ ಮೂರು ಪಟ್ಟು ಜೋರಾಗಿ ಬೀಳುವುದು ಹೇಗೆ? ಹುಡುಗ ತಾನೇ ನಕ್ಕು ಅಳಿಸುತ್ತಾನೆ. ಇಂಥ ಲೆಕ್ಕದಲ್ಲಿ ಉತ್ತರ g ದಾಟಿದರೆ ಎಲ್ಲೋ ತಪ್ಪಿದೆ ಎಂದೇ ಅರ್ಥ.

ಎಳೆತವೂ ತೂಕವೂ ಒಂದೇ ಆಗುವುದು ಬಾಲ್ದಿಯನ್ನು ಒಂದೇ ವೇಗದಲ್ಲಿ ನಿಧಾನ ಇಳಿಸುವಾಗ ಅಥವಾ ಸುಮ್ಮನೆ ತೂಗಾಡಿಸಿದಾಗ. ವೇಗ ಹೆಚ್ಚುತ್ತಾ ಬೀಳುವ ಬಾಲ್ದಿಗೆ ತೂಕವೇ ಗೆಲ್ಲಬೇಕು, ಎಳೆತ ಸೋಲಬೇಕು. ಎಷ್ಟು ಎಂದು ನಮಗೆ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆ T ಎಂದು ಹೆಸರಿಟ್ಟು ಮುಂದೆ ಹೋಗೋಣ.

```
ಬಾಲ್ದಿ:   mg − T = m a
ಉರುಳೆ:   T R = I α
ಹಗ್ಗ:     a = R α
```

ಮೂರನೇ ಸಾಲನ್ನು ಮಕ್ಕಳು ಮರೆಯುತ್ತಾರೆ. ಅದು ಬಂದದ್ದು ಹಗ್ಗ ಜಾರದೆ ಬಿಚ್ಚುತ್ತದೆ ಎಂಬುದರಿಂದ. ಬಾಲ್ದಿ ಒಂದು ಗೇಣು ಇಳಿಯಬೇಕಾದರೆ ಉರುಳೆಯ ಅಂಚು ಒಂದು ಗೇಣು ತಿರುಗಲೇಬೇಕು. ಹಗ್ಗ ಜಾರುವ ರಾಟೆಯಾದರೆ ಈ ಸಾಲು ನಿಲ್ಲುವುದಿಲ್ಲ.

ಎರಡನೇ ಸಾಲಿನಲ್ಲಿ α ಬದಲು a ÷ R ಹಾಕಿದರೆ T = I a ÷ R². ಅಂಕೆ ಹಾಕಿದರೆ 0.08 ÷ 0.04 = 2, ಹಾಗಾಗಿ T = 2a. ಇದನ್ನು ಮೊದಲ ಸಾಲಿಗೆ ಹಾಕಿ: 60 − 2a = 6a. ಉತ್ತರ a = 7.5, T = 15 ನ್ಯೂಟನ್. ಅರವತ್ತು ಎಂದುಕೊಂಡದ್ದು ಹದಿನೈದೇ! ಬಾಲ್ದಿಗೆ ಉರುಳೆಯ ಕಡೆಯಿಂದ 2 ಕೆ.ಜಿ ಹೆಚ್ಚುವರಿ ಜಡತ್ವ ಅಂಟಿಕೊಂಡ ಹಾಗೆ ಇದು. ಉರುಳೆಯ ತೂಕ 4 ಆದರೂ ಎರಡೇ ಕೆ.ಜಿಯ ಹಾಗೆ ಕಾಣುವುದೇಕೆಂದರೆ, ಗಟ್ಟಿ ಮರದ ತೂಕವೆಲ್ಲ ಅಂಚಿನಲ್ಲೇ ಇಲ್ಲ, ಅಕ್ಷದಿಂದ ಅಂಚಿನವರೆಗೆ ಹರಡಿಕೊಂಡಿದೆ. ಅದೇ 4 ಕೆ.ಜಿ ಪೂರ್ತಿ ಅಂಚಿನಲ್ಲಿ ಬಳೆಯ ಹಾಗೆ ಇದ್ದಿದ್ದರೆ I ದುಪ್ಪಟ್ಟು, a ಆರಕ್ಕೆ ಇಳಿಯುತ್ತಿತ್ತು. ಗಟ್ಟಿ ತಟ್ಟೆಯೋ ಬಳೆಯೋ ಎಂದು ಲೆಕ್ಕದ ವಾಕ್ಯದಲ್ಲಿ ಹುಡುಕಿ ಅಡಿಗೆರೆ ಹಾಕಿ. ತ್ರಿಜ್ಯವೋ ವ್ಯಾಸವೋ ಎಂದೂ ನೋಡಿಕೊಳ್ಳಿ. ವ್ಯಾಸವನ್ನೇ R ಎಂದು ಹಾಕಿದರೆ I ನಾಲ್ಕು ಪಟ್ಟಾಗುತ್ತದೆ.

ವೇಗ ಈಗ ಸುಲಭ. v² = 2 × 7.5 × 6 = 90, v ಸುಮಾರು 9.5 ಮೀಟರ್ ಪ್ರತಿ ಸೆಕೆಂಡ್.

ಉತ್ತರ ಸರಿಯೋ ಎಂದು ಇನ್ನೊಂದು ದಾರಿಯಲ್ಲಿ ನೋಡೋಣ. ಬಾಲ್ದಿ ಕಳೆದುಕೊಂಡ ಶಕ್ತಿ mgh = 360 ಜೂಲ್. ಬಾಲ್ದಿಯ ಚಲನಶಕ್ತಿ ½ × 6 × 90 = 270. ಉರುಳೆಯದು ½ I ω². ಇಲ್ಲಿ ω ಎಂದರೆ ತಿರುಗುವ ವೇಗ, v ÷ R. ω² ಎಂದರೆ 90 ÷ 0.04 = 2250, ಹಾಗಾಗಿ 90 ಜೂಲ್. ಕೂಡಿಸಿದರೆ 360. ಸರಿಹೋಯಿತು. ಪರೀಕ್ಷೆಯಲ್ಲಿ ಎರಡು ನಿಮಿಷ ಉಳಿದರೆ ಈ ಕೆಲಸ ಮಾಡಿ. ತಪ್ಪು ಇದ್ದರೆ ಇಲ್ಲಿ ಸಿಕ್ಕಿಬೀಳುತ್ತದೆ.

ಉರುಳೆಯಲ್ಲಿ ಉಳಿದ ಆ 90 ಜೂಲ್ ಬರೀ ಕಾಗದದ ಮೇಲಿನದ್ದಲ್ಲ. ಬಾಲ್ದಿ ನೀರಿಗೆ ತಾಗಿ ನಿಂತರೂ ಉರುಳೆ ತಿರುಗುತ್ತಲೇ ಇರುತ್ತದೆ, ಹಗ್ಗ ಸಡಿಲವಾಗಿ ಗೋಜಲಾಗುತ್ತದೆ. ಆಗ ಗಿರ್ರನೆ ಸುತ್ತುವ ಹಿಡಿಗೆ ಕೈ ಒಡ್ಡಿದವರಿಗೆ ಜಡತ್ವ ಭ್ರಾಮಕದ ಅರ್ಥ ಬೇರೆ ಹೇಳಬೇಕಾಗಿಲ್ಲ.

ಆಟದ ಬಯಲಿನ ಲೆಕ್ಕ

ಈಗ ಎರಡನೆಯದು. ಮೆರಿ-ಗೋ-ರೌಂಡ್ ತಟ್ಟೆ, ತೂಕ 100 ಕೆ.ಜಿ, ತ್ರಿಜ್ಯ 2 ಮೀಟರ್, ಗಟ್ಟಿ ತಟ್ಟೆ ಎಂದೇ ಹಿಡಿಯಿರಿ. ಅದು 1.5 ರೇಡಿಯನ್ ಪ್ರತಿ ಸೆಕೆಂಡಿನಲ್ಲಿ ತಿರುಗುತ್ತಿದೆ. ಅಂದರೆ ಒಂದು ಸುತ್ತಿಗೆ ನಾಲ್ಕು ಸೆಕೆಂಡಿಗಿಂತ ಚೂರು ಜಾಸ್ತಿ. ಪಕ್ಕದಲ್ಲಿ ಸುಮ್ಮನೆ ನಿಂತಿದ್ದ 25 ಕೆ.ಜಿಯ ಮಗು ಅಂಚಿನ ಮೇಲೆ ಹೆಜ್ಜೆ ಇಟ್ಟು ನಿಂತಿತು. ಈಗ ತಟ್ಟೆಯ ವೇಗ ಎಷ್ಟು?

ಬಾವಿಯ ಲೆಕ್ಕ ಮುಗಿಸಿ ಬಂದ ಮಕ್ಕಳು ಇಲ್ಲೂ ಶಕ್ತಿಯನ್ನೇ ಸಮ ಮಾಡಲು ಹೊರಡುತ್ತಾರೆ. ಮೊದಲಿನ ½ I ω² ಮತ್ತು ಆಮೇಲಿನ ½ I ω² ಒಂದೇ ಎಂದು ಬರೆಯುತ್ತಾರೆ. ಕಲಿಯುವ ಕಾಲದಲ್ಲಿ ನಾನೂ ಹಾಗೇ ಮಾಡಿ ಒಂದು ಪರೀಕ್ಷೆಯಲ್ಲಿ ಪೂರ್ತಿ ಐದು ಮಾರ್ಕು ಕಳೆದುಕೊಂಡಿದ್ದೇನೆ. ಎಲ್ಲಿ ತಪ್ಪಿತು ಎಂದು ಗೊತ್ತಾಗಲು ನಮ್ಮ ಮೂರು ಪ್ರಶ್ನೆಗೇ ಮರಳಬೇಕು.

ಅಕ್ಷ, ನಡುವಿನ ಕಂಬ. ಬೇಲಿಯೊಳಗೆ ತಟ್ಟೆ ಮತ್ತು ಮಗು ಎರಡೂ. ಇನ್ನು ಟಾರ್ಕ್. ಮಗುವಿನ ಪಾದ ತಟ್ಟೆಯನ್ನು ಹಿಂದಕ್ಕೆ ಉಜ್ಜುತ್ತದೆ, ತಟ್ಟೆ ಪಾದವನ್ನು ಮುಂದಕ್ಕೆ ಎಳೆಯುತ್ತದೆ. ಇವೆರಡೂ ಬೇಲಿಯೊಳಗಿನ ಜಗಳ, ಒಂದಕ್ಕೊಂದು ವಜಾ ಆಗುತ್ತವೆ. ನಡುವಿನ ಕಂಬ ತಟ್ಟೆಯನ್ನು ಅಡ್ಡಕ್ಕೆ ತಳ್ಳುವುದು ನಿಜ, ಆದರೆ ಅದು ಅಕ್ಷದಲ್ಲೇ ಇದೆ. ಟಾರ್ಕ್ ಸೊನ್ನೆ. ಗಮನಿಸಿ, ಕಂಬದ ಈ ತಳ್ಳಾಟದಿಂದಲೇ ಇಲ್ಲಿ ನೇರ ಚಲನೆಯ ಸಂವೇಗ ಉಳಿಯುವುದಿಲ್ಲ. ಕೋನೀಯ ಸಂವೇಗ ಮಾತ್ರ ಉಳಿಯುತ್ತದೆ.

ಬೇರಿಂಗಿನ ಘರ್ಷಣೆ ಇದೆಯಲ್ಲ ಎಂದು ಒಬ್ಬಳು ಕೇಳಿದಳು. ಒಳ್ಳೆಯ ಪ್ರಶ್ನೆ. ಅಳೆದೇ ನೋಡೋಣ. ಖಾಲಿ ತಟ್ಟೆಯನ್ನು 1.5ರಲ್ಲಿ ತಿರುಗಿಸಿ ಬಿಟ್ಟರೆ 30 ಸೆಕೆಂಡಿನಲ್ಲಿ ನಿಲ್ಲುತ್ತದೆ ಎಂದುಕೊಳ್ಳಿ. ತಟ್ಟೆಯ I = ½ × 100 × 4 = 200. ವೇಗ ಇಳಿಯುವ ದರ 1.5 ÷ 30 = 0.05. ಹಾಗಾಗಿ ಘರ್ಷಣೆಯ ಟಾರ್ಕ್ 200 × 0.05 = 10 ನ್ಯೂಟನ್ ಮೀಟರ್. ಮಗುವಿನ ಪಾದ ಜಾರಿ ನಿಲ್ಲಲು ಸೆಕೆಂಡಿನ ಐದನೇ ಒಂದು ಭಾಗ ಸಾಕು. ಅಷ್ಟರಲ್ಲಿ ಘರ್ಷಣೆ ಕದಿಯುವ ಕೋನೀಯ ಸಂವೇಗ 10 × 0.2 = 2. ತಟ್ಟೆಯಲ್ಲಿ ಇದ್ದದ್ದು 200 × 1.5 = 300. ಮುನ್ನೂರರಲ್ಲಿ ಎರಡು ಹೋದರೆ ಲೆಕ್ಕಕ್ಕಿಲ್ಲ. ಆದರೆ ಅದೇ ಮಗು ಹತ್ತು ಸೆಕೆಂಡ್ ಸುತ್ತಿದ ಮೇಲಿನ ವೇಗ ಕೇಳಿದರೆ ನೂರು ಹೋಗಿರುತ್ತದೆ. ಆಗ L ಉಳಿಯುತ್ತದೆ ಎನ್ನುವಂತಿಲ್ಲ. ಟಾರ್ಕ್ ಇದೆಯೋ ಇಲ್ಲವೋ ಎಂಬುದರ ಜೊತೆ ಎಷ್ಟು ಹೊತ್ತು ಎಂಬುದನ್ನೂ ಕೇಳಬೇಕು.

ಇನ್ನು ಲೆಕ್ಕ. ಮಗುವನ್ನು ಒಂದು ಚುಕ್ಕಿ ಎಂದು ಹಿಡಿದರೆ ಅದರ I = m r² = 25 × 4 = 100. ಮಗುವಿನ ಮೈಯೂ ತನ್ನ ಸುತ್ತ ತಾನು ತಿರುಗುತ್ತದೆ, ಆದರೆ ಅದರ ಪಾಲು ಒಂದಕ್ಕಿಂತಲೂ ಕಡಿಮೆ, ಬಿಡಿ.

```
ಮೊದಲು:  L = 200 × 1.5 = 300
ಆಮೇಲೆ:  L = (200 + 100) × ω = 300
ω = 1
```

ಈಗ ಒಂದು ಸುತ್ತಿಗೆ ಸುಮಾರು 6.3 ಸೆಕೆಂಡ್. ಚಲನಶಕ್ತಿ ನೋಡಿ. ಮೊದಲು ½ × 200 × 2.25 = 225 ಜೂಲ್, ಆಮೇಲೆ ½ × 300 × 1 = 150. 75 ಜೂಲ್ ಕಾಣೆಯಾಗಿದೆ! ಅದು ಪಾದ ಮತ್ತು ಹಲಗೆಯ ನಡುವಿನ ಉಜ್ಜಾಟದಲ್ಲಿ ಬಿಸಿಯಾಗಿ ಹೋಯಿತು. ಒಂದಕ್ಕೊಂದು ತಾಗಿ, ಜಾರಿ, ಕೊನೆಗೆ ಒಟ್ಟಿಗೆ ಓಡುವ ಯಾವ ಲೆಕ್ಕದಲ್ಲೂ ಚಲನಶಕ್ತಿ ಸೋರುತ್ತದೆ. ಬಾವಿಯಲ್ಲಿ ಹಗ್ಗ ಜಾರಲಿಲ್ಲ, ಆದ್ದರಿಂದ ಅಲ್ಲಿ ಶಕ್ತಿಯ ಲೆಕ್ಕ ಕೂಡಿತು. ಇಲ್ಲಿ ಪಾದ ಜಾರಿದೆ.

ಮಗು ಸುಮ್ಮನೆ ನಿಲ್ಲದೆ ಓಡಿ ಬಂದು ಹಾರಿದರೆ? ಅಂಚಿನ ಜೊತೆಜೊತೆಗೇ, ತಟ್ಟೆ ತಿರುಗುವ ದಿಕ್ಕಿನಲ್ಲೇ 2 ಮೀಟರ್ ಪ್ರತಿ ಸೆಕೆಂಡಿನಲ್ಲಿ ಓಡಿ ಬಂದರೆ, ಅದು ಹೊತ್ತು ತರುವ L = m v R = 25 × 2 × 2 = 100. ಒಟ್ಟು 400, ω ಸುಮಾರು 1.33. ಎದುರು ದಿಕ್ಕಿನಲ್ಲಿ ಬಂದರೆ 100 ಕಳೆಯಬೇಕು, ಒಟ್ಟು 200, ω ಸುಮಾರು 0.67. ಕಂಬದ ಕಡೆಗೇ ನೇರವಾಗಿ ಓಡಿ ಬಂದರೆ? ಆ ಓಟದ ಗೆರೆ ಅಕ್ಷದ ಮೇಲೇ ಹೋಗುವುದರಿಂದ ಅದು ತರುವ L ಸೊನ್ನೆ. ಸುಮ್ಮನೆ ನಿಂತ ಮಗು ಹತ್ತಿದಷ್ಟೇ. ನೇರ ಗೆರೆಯಲ್ಲಿ ಓಡುವ ವಸ್ತುವಿಗೂ ಕೋನೀಯ ಸಂವೇಗ ಇರುತ್ತದೆ ಎಂಬುದು ಇಲ್ಲಿ ಮನಸ್ಸಿಗೆ ಇಳಿಯದಿದ್ದರೆ ಕೊನೆಯ ಭಾಗ ಕಷ್ಟವಾಗುತ್ತದೆ.

ಒಳಗೆ ನಡೆದರೆ

ಅಂಚಿನಲ್ಲಿ ನಿಂತ ಮಗು ಈಗ ಕಂಬದ ಕಡೆಗೆ ಒಂದು ಮೀಟರ್ ನಡೆಯಿತು. ಅದರ I ನೂರರಿಂದ ಇಪ್ಪತ್ತೈದಕ್ಕೆ ಇಳಿಯಿತು. ದೂರ ಅರ್ಧವಾದರೆ I ಕಾಲು ಭಾಗ. ಒಟ್ಟು I 225, L ಇನ್ನೂ 300, ω ಸುಮಾರು 1.33. ತಟ್ಟೆ ಜೋರಾಯಿತು.

ಚಲನಶಕ್ತಿ ಈಗ 200 ಜೂಲ್. ಹತ್ತುವಾಗ ಕಡಿಮೆಯಾಗಿದ್ದು ಈಗ 50 ಹೆಚ್ಚಾಗಿದೆ. ಇದು ಯಾರು ಕೊಟ್ಟದ್ದು? ಮಗುವೇ. ತಿರುಗುವ ತಟ್ಟೆಯಲ್ಲಿ ಒಳಗೆ ನಡೆದು ನೋಡಿದವರಿಗೆ ಗೊತ್ತು, ಗುಡ್ಡ ಹತ್ತಿದ ಹಾಗೆ ಆಗುತ್ತದೆ, ಮೈ ಹೊರಗೆ ಎಳೆದಂತೆ ಅನಿಸುತ್ತದೆ. ಆ ಎಳೆತಕ್ಕೆ ಎದುರಾಗಿ ಕಾಲಿನ ಸ್ನಾಯು ಮಾಡಿದ ಕೆಲಸವೇ ಆ 50 ಜೂಲ್. L ಉಳಿದರೂ ಶಕ್ತಿ ಕಡಿಮೆಯೂ ಆಗಬಹುದು, ಹೆಚ್ಚೂ ಆಗಬಹುದು. ಎರಡನ್ನೂ ಒಂದೇ ತಟ್ಟೆಯಲ್ಲಿ ನೋಡಿದೆವು.

ಇಲ್ಲಿ ಮಕ್ಕಳು ಯಕ್ಷಗಾನದ ಉದಾಹರಣೆ ತರುತ್ತಾರೆ. ಕುಂಬಳೆ ಸೀಮೆಯವರಿಗೆ ತೆಂಕುತಿಟ್ಟಿನ ಗಿರ್ರನೆ ಸುತ್ತಿ ಹಾರುವ ದಿಗಿಣ ನೆನಪಾಗದೆ ಇರುವುದುಂಟೇ? ಕೈ ಒಳಗೆ ಎಳೆದರೆ ವೇಗ ಹೆಚ್ಚುತ್ತದೆ ಎಂಬಷ್ಟಕ್ಕೆ ಅದು ಸರಿ. ಆದರೆ ವೇಷಧಾರಿ ಪ್ರತಿ ಸುತ್ತಿಗೂ ಕಾಲಿನಿಂದ ರಂಗಸ್ಥಳವನ್ನು ತಳ್ಳುತ್ತಾರೆ. ಆ ತಳ್ಳುವಿಕೆ ಬೇಲಿಯ ಹೊರಗಿನ ಟಾರ್ಕ್. ಪಾದ ನೆಲ ಬಿಟ್ಟು ಗಾಳಿಯಲ್ಲಿರುವ ಆ ಚಿಕ್ಕ ಹೊತ್ತಿನಲ್ಲಿ ಮಾತ್ರ L ಉಳಿಯುತ್ತದೆ ಎನ್ನಬಹುದು. ನೆಲ ಮುಟ್ಟಿದ ಮೇಲೆ ಆ ಲೆಕ್ಕ ಹಾಕಬೇಡಿ.

ಇಳಿದು ಹೋದರೆ

ಇದು ನನಗೆ ಇಷ್ಟದ ಪ್ರಶ್ನೆ. ಮಗು ಮತ್ತೆ ಅಂಚಿನಲ್ಲಿದೆ, ω = 1. ಕೈ ಜಾರಿ ಅದು ತಟ್ಟೆಯಿಂದ ಹೊರಗೆ ಹೋಯಿತು. ತಟ್ಟೆಯ ವೇಗ ಎಷ್ಟಾಗುತ್ತದೆ?

ಕೇಳಿ ಮುಗಿಯುವ ಮೊದಲೇ ನಾಲ್ಕು ಜನ "ಒಂದೂವರೆ" ಎನ್ನುತ್ತಾರೆ. ಭಾರ ಇಳಿಯಿತು, I ಮುನ್ನೂರರಿಂದ ಇನ್ನೂರಕ್ಕೆ ಬಂತು, L ಮುನ್ನೂರು, ಹಾಗಾಗಿ ಒಂದೂವರೆ.

ಬೇಲಿಯನ್ನು ಮರೆತರು. ಬೇಲಿಯೊಳಗೆ ಮಗುವೂ ಇತ್ತು. ಅದು ಹೊರಟದ್ದು ಅಂಚಿನ ವೇಗದಲ್ಲೇ, 2 ಮೀಟರ್ ಪ್ರತಿ ಸೆಕೆಂಡ್, ಅಂಚು ಓಡುವ ದಿಕ್ಕಿನಲ್ಲೇ. ಅದು ಹೊತ್ತುಕೊಂಡು ಹೋದ L = 25 × 2 × 2 = 100. ತಟ್ಟೆಗೆ ಉಳಿದದ್ದು 200. ω = 200 ÷ 200 = 1. ತಟ್ಟೆಗೆ ಏನೂ ಗೊತ್ತೇ ಆಗುವುದಿಲ್ಲ. ಕೈ ಬಿಡುವಾಗ ಮಗು ತಟ್ಟೆಯನ್ನು ಹಿಂದಕ್ಕೂ ತಳ್ಳಲಿಲ್ಲ, ಮುಂದಕ್ಕೂ ತಳ್ಳಲಿಲ್ಲ. ಟಾರ್ಕ್ ಕೊಡದೆ ವೇಗ ಬದಲಾಗುವುದು ಹೇಗೆ?

ಆ ನಾಲ್ಕು ಜನರ ಉತ್ತರ ಸರಿಯಾಗುವ ಸಂದರ್ಭವೂ ಒಂದಿದೆ. ಮಗು ಇಳಿಯುವಾಗ ತಟ್ಟೆಯನ್ನು ಮುಂದಕ್ಕೆ ಒದ್ದು, ತಾನು ಹಿಂದಕ್ಕೆ 3 ಮೀಟರ್ ಪ್ರತಿ ಸೆಕೆಂಡಿನಲ್ಲಿ ಹಾರಬೇಕು. ಆ 3 ಒದ್ದ ಮೇಲಿನ ತಟ್ಟೆಯ ಲೆಕ್ಕದಲ್ಲಿ, ಆಗ ಅಂಚಿನ ವೇಗ 1.5 × 2 = 3. ನೆಲದ ಲೆಕ್ಕದಲ್ಲಿ ಮಗು ಹಾಗೇ ನಿಂತುಬಿಡುತ್ತದೆ, ಅದರ L ಸೊನ್ನೆ. ಆಗ ಮುನ್ನೂರೂ ತಟ್ಟೆಯದೇ, ω = 1.5. ಚಲನಶಕ್ತಿ 150ರಿಂದ 225ಕ್ಕೆ ಏರುತ್ತದೆ, ಆ 75 ಜೂಲನ್ನು ಮಗುವಿನ ಕಾಲು ಕೊಡಬೇಕು. ಹತ್ತುವಾಗ ಪಾದದಡಿ ಬಿಸಿಯಾಗಿ ಹೋದದ್ದೂ ಅಷ್ಟೇ ಇತ್ತು, ನೋಡಿ.